ಮರು: ಯುಟಿಲಿಟಿ ಶಿಫ್ಟ್ ಇನ್‌ಚಾರ್ಜ್ ಹುದ್ದೆ, ನಂಜನಗೂಡು

ಶ್ವೇತಾ ಮೇಡಂ, ನಮಸ್ಕಾರ.

ನಂಜನಗೂಡು ಕೈಗಾರಿಕಾ ಪ್ರದೇಶದ ಆಹಾರ ತಯಾರಿಕಾ ಘಟಕಕ್ಕೆ ಯುಟಿಲಿಟಿ ಶಿಫ್ಟ್ ಇನ್‌ಚಾರ್ಜ್ ಬೇಕಾಗಿದ್ದಾರೆಂದು ನಿನ್ನೆ ನೀವು ಕಳಿಸಿದ ಮೇಲ್ ತಲುಪಿತು. ಹುದ್ದೆಯ ವಿವರ, ಶಿಫ್ಟು, ಬಾಯ್ಲರ್ ಅಳತೆ ಎಲ್ಲವನ್ನೂ ಮೊದಲೇ ಬರೆದಿದ್ದಕ್ಕೆ ಧನ್ಯವಾದ. ಕೆಲಸದಲ್ಲಿ ನನಗೆ ಆಸಕ್ತಿ ಇದೆ, ಮಾತುಕತೆ ಮುಂದುವರಿಸೋಣ.

ಚಿಕ್ಕದಾಗಿ ಹೇಳುವುದಾದರೆ: ಡಿಪ್ಲೊಮಾ ಮೆಕ್ಯಾನಿಕಲ್, ಬಾಯ್ಲರ್ ಹೌಸ್‌ನಲ್ಲಿ 9 ವರ್ಷ, ಬಿಒಇ ಸರ್ಟಿಫಿಕೇಟ್ ಇದೆ, ನೋಟಿಸ್ ಪಿರಿಯಡ್ 60 ದಿನ, ಈಗಿನ ಸಿಟಿಸಿ ಸುಮಾರು 6.25 ಲಕ್ಷ, ನಿರೀಕ್ಷೆ 7.5 ಲಕ್ಷ, ಮೈಸೂರಿಗೆ ಮನೆ ಬದಲಿಸಲು ಸಿದ್ಧ. ನಿಮ್ಮ ಶೀಟ್ ತುಂಬಲು ಇಷ್ಟು ಸಾಕು. ನೀವು ಕೇಳಿದ ಉಳಿದ ಪ್ರಶ್ನೆಗಳಿಗೆ ಕೆಳಗೆ ಬಿಡಿಸಿ ಬರೆದಿದ್ದೇನೆ. ಸಂಬಳದ ಪ್ಯಾರಾ ಒಂದನ್ನು ತೆಗೆದು ಉಳಿದದ್ದನ್ನು ನಿಮ್ಮ ಕ್ಲೈಂಟಿನ ಎಂಜಿನಿಯರ್‌ಗೆ ಹಾಗೇ ಫಾರ್ವರ್ಡ್ ಮಾಡಬಹುದು.

ಈಗಿನ ಕೆಲಸ: ಮಂಡ್ಯ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಶಿಫ್ಟ್ ಎಂಜಿನಿಯರ್. ಗಂಟೆಗೆ 70 ಟನ್ ಹಬೆ ಕೊಡುವ ವಾಟರ್ ಟ್ಯೂಬ್ ಬಾಯ್ಲರ್, ಒತ್ತಡ 45 ಕೆಜಿ, ಟ್ರಾವೆಲಿಂಗ್ ಗ್ರೇಟ್, ಇಂಧನ ಕಬ್ಬಿನ ಸಿಪ್ಪೆ. ಶಿಫ್ಟಿನಲ್ಲಿ ನನ್ನ ಕೈಕೆಳಗೆ ಇಬ್ಬರು ಬಾಯ್ಲರ್ ಅಟೆಂಡೆಂಟ್, ಒಬ್ಬ ಫಿಟ್ಟರ್, ನಾಲ್ವರು ಹೆಲ್ಪರ್ ಇದ್ದಾರೆ. ಹಂಗಾಮಿನಲ್ಲಿ ಮೂರೂ ಶಿಫ್ಟಿನಲ್ಲಿ ಸರದಿ. ಹಂಗಾಮು ಮುಗಿದ ಮೇಲೆ ಓವರ್‌ಹಾಲ್: ಟ್ಯೂಬ್ ದಪ್ಪ ಅಳೆಯುವುದು, ಡ್ರಮ್ಮಿನೊಳಗೆ ಇಳಿದು ತಪಾಸಣೆ, ರಿಫ್ರ್ಯಾಕ್ಟರಿ ಕೆಲಸ, ಇನ್‌ಸ್ಪೆಕ್ಟರ್ ಮುಂದೆ ಹೈಡ್ರಾಲಿಕ್ ಟೆಸ್ಟ್.

ನಿಮ್ಮ ಕ್ಲೈಂಟಿನದು ಗಂಟೆಗೆ 10 ಟನ್ನಿನ, 10.5 ಕೆಜಿ ಒತ್ತಡದ, ಭತ್ತದ ಹೊಟ್ಟು ಉರಿಸುವ ಬಾಯ್ಲರ್ ಎಂದು ಬರೆದಿದ್ದೀರಿ. ಅಳತೆಯಲ್ಲಿ ಅದು ನಾನು ನಡೆಸುವುದಕ್ಕಿಂತ ಚಿಕ್ಕದು, ಆದರೆ ಚಿಕ್ಕದಾದ ಮಾತ್ರಕ್ಕೆ ಸುಲಭ ಅಂತ ಹೇಳಲಾರೆ. ಹೊಟ್ಟಿನ ಬೂದಿಯಲ್ಲಿ ಸಿಲಿಕಾ ಹೆಚ್ಚು, ಅದು ಟ್ಯೂಬನ್ನು ಉಜ್ಜಿ ಸವೆಸುತ್ತದೆ. ಬಾಯ್ಲರ್ ಎಫ್‌ಬಿಸಿ ಮಾದರಿಯದಾದರೆ ಬೆಡ್ ಉಷ್ಣತೆಯನ್ನು 800ರಿಂದ 900 ಡಿಗ್ರಿಯೊಳಗೆ ಹಿಡಿದಿಡಬೇಕು, ಮೇಲೆ ಹೋದರೆ ಬೆಡ್ ಗಟ್ಟಿಯಾಗಿ ಕ್ಲಿಂಕರ್ ಕಟ್ಟುತ್ತದೆ. ಎಫ್‌ಬಿಸಿ ಬೆಡ್ಡನ್ನು ನಾನು ಸ್ವತಂತ್ರವಾಗಿ ನಡೆಸಿಲ್ಲ. ಸಂದರ್ಶನದಲ್ಲಿ ಹೇಗೂ ಗೊತ್ತಾಗುವ ವಿಷಯ, ಈಗಲೇ ತಿಳಿಸಿಬಿಡುತ್ತೇನೆ. ಮೊದಲ ಎರಡು ವಾರ ಅಲ್ಲಿನ ಹಳೆಯ ಅಟೆಂಡೆಂಟ್ ಜೊತೆ ನಿಂತು ಲೈಟ್‌ಅಪ್, ಬೆಡ್ ಬದಲಾವಣೆ, ಶಟ್‌ಡೌನ್ ಮಾಡಿ ನೋಡಲು ಅವಕಾಶ ಕೊಟ್ಟರೆ ಅದು ತೊಡಕಾಗುವುದಿಲ್ಲ.

‘ಹಬೆಯ ಖರ್ಚು ತಗ್ಗಿಸಿದ ಅನುಭವ ಇದೆಯೇ’ ಎಂದು ಕೇಳಿದ್ದೀರಿ. ಈ ಪ್ರಶ್ನೆ ಕ್ಲೈಂಟಿನ ಕಡೆಯಿಂದಲೇ ಬಂದಿರಬೇಕು ಅನ್ನಿಸಿತು, ಆದ್ದರಿಂದ ತಾಂತ್ರಿಕವಾಗಿಯೇ ಉತ್ತರಿಸುತ್ತೇನೆ. ನನ್ನ ಮುಖ್ಯ ಕೆಲಸ ನಡೆದಿರುವುದು ಕಂಡೆನ್ಸೇಟ್ ವಾಪಸ್ ತರುವುದರಲ್ಲಿ. ಫೀಡ್ ವಾಟರ್ ಉಷ್ಣತೆ 6 ಡಿಗ್ರಿ ಏರಿದರೆ ಇಂಧನದಲ್ಲಿ ಸುಮಾರು ಶೇ. 1 ಉಳಿತಾಯ ಎಂಬುದು ಬಾಯ್ಲರ್ ಹೌಸ್‌ಗಳಲ್ಲಿ ಎಲ್ಲರೂ ಬಳಸುವ ಲೆಕ್ಕ. ಉದಾಹರಣೆಗೆ ಹೊಸ ನೀರು 28 ಡಿಗ್ರಿ, ಕಂಡೆನ್ಸೇಟ್ 90 ಡಿಗ್ರಿ ಎಂದಿಟ್ಟುಕೊಳ್ಳಿ. ಕಂಡೆನ್ಸೇಟ್ ಶೇ. 40ರಷ್ಟು ಬರುತ್ತಿದ್ದರೆ ಟ್ಯಾಂಕಿನ ನೀರು ಸುಮಾರು 53 ಡಿಗ್ರಿ ಇರುತ್ತದೆ. ಅದನ್ನು ಶೇ. 70ಕ್ಕೆ ಏರಿಸಿದರೆ 71 ಡಿಗ್ರಿ. ಅಂದರೆ ಹತ್ತಿರಹತ್ತಿರ ಶೇ. 3 ಇಂಧನ, ಅದರ ಜೊತೆಗೆ ಸಾಫ್ಟನರ್ ಉಪ್ಪು ಮತ್ತು ಬ್ಲೋಡೌನ್ ಉಳಿತಾಯ ಬೇರೆ. ಇದಕ್ಕೆ ದೊಡ್ಡ ಯಂತ್ರ ಏನೂ ಬೇಡ. ಸ್ಟೀಮ್ ಟ್ರ್ಯಾಪ್‌ಗಳಿಗೆ ನಂಬರ್ ಹಾಕಿ ತಿಂಗಳಿಗೊಮ್ಮೆ ಪರೀಕ್ಷಿಸುವುದು, ಬೈಪಾಸ್ ವಾಲ್ವ್ ತೆರೆದು ಮರೆತಿರುವುದನ್ನು ಮುಚ್ಚುವುದು, ಟ್ಯಾಂಕಿಗೂ ಪೈಪಿಗೂ ಇನ್ಸುಲೇಷನ್ ಹಾಕುವುದು. ಬಿಸಿ ಹೆಚ್ಚಾದಂತೆ ಫೀಡ್ ಪಂಪ್ ಕ್ಯಾವಿಟೇಷನ್ ಆಗಿ ಸದ್ದು ಮಾಡತೊಡಗುತ್ತದೆ, ಹಾಗಾಗಿ ಟ್ಯಾಂಕನ್ನು ಪಂಪಿಗಿಂತ ಸಾಕಷ್ಟು ಎತ್ತರದಲ್ಲಿ ಇಟ್ಟಿದ್ದಾರೆಯೇ ಎಂದು ಮೊದಲು ನೋಡಿಕೊಳ್ಳಬೇಕು.

ಆದರೆ ಆಹಾರ ಘಟಕದಲ್ಲಿ ವಾಪಸ್ ಬರುವ ಕಂಡೆನ್ಸೇಟನ್ನು ಕಣ್ಣುಮುಚ್ಚಿ ಡ್ರಮ್ಮಿಗೆ ಬಿಡುವಂತಿಲ್ಲ. ಜಾಕೆಟ್ ಅಥವಾ ಕಾಯಿಲ್ ತೂತಾದರೆ ಅದರಲ್ಲಿ ಸಕ್ಕರೆ ಸೇರಿ ಬರುತ್ತದೆ. ಸಕ್ಕರೆ ಬಾಯ್ಲರಿನೊಳಗೆ ಒಡೆದು ಆಮ್ಲವಾಗುತ್ತದೆ, ಪಿಎಚ್ ಕುಸಿಯುತ್ತದೆ, ನೀರು ನೊರೆಯೆದ್ದು ಹಬೆಯ ಜೊತೆಗೇ ಹೊರಡುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಇದು ದಿನನಿತ್ಯದ ಭಯ. ನಮ್ಮಲ್ಲಿ ಗಂಟೆಗೊಮ್ಮೆ ಆಲ್ಫಾ ನ್ಯಾಫ್ತಾಲ್ ಪರೀಕ್ಷೆ ಮಾಡುತ್ತೇವೆ: ಟೆಸ್ಟ್ ಟ್ಯೂಬಿನಲ್ಲಿ ತಣ್ಣಗಾದ ಸ್ಯಾಂಪಲ್, ಕೆಲವು ಹನಿ ಆಲ್ಫಾ ನ್ಯಾಫ್ತಾಲ್, ಟ್ಯೂಬನ್ನು ಓರೆ ಮಾಡಿ ಗೋಡೆಗುಂಟ ಇಳಿಸಿದ ಗಂಧಕಾಮ್ಲ. ಎರಡೂ ಸೇರುವ ಅಂಚಿನಲ್ಲಿ ನೇರಳೆ ಉಂಗುರ ಕಂಡರೆ ಸಕ್ಕರೆ ಬಂದಿದೆ ಎಂದರ್ಥ. ಕೂಡಲೇ ಆ ಲೈನನ್ನು ಡ್ರೈನಿಗೆ ತಿರುಗಿಸಿ, ಡ್ರಮ್ಮಿನ ಪಿಎಚ್ ನೋಡಿ ಕಾಸ್ಟಿಕ್ ಹಾಕಿ, ಬ್ಲೋಡೌನ್ ಹೆಚ್ಚಿಸಿ, ಆಮೇಲೆ ಯಾವ ಪಾತ್ರೆ ಸೋರುತ್ತಿದೆ ಎಂದು ಒಂದೊಂದಾಗಿ ಹುಡುಕುವುದು ಕ್ರಮ. ನಿಮ್ಮ ಕ್ಲೈಂಟು ಸಿರಪ್ ಅಥವಾ ಹಾಲಿನ ಪದಾರ್ಥ ಬೇಯಿಸುವವರಾದರೆ ಈ ಅಭ್ಯಾಸ ಅಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಪಟ್ಟಿಯಲ್ಲಿರುವ ಉಳಿದ ಯಂತ್ರಗಳ ಬಗ್ಗೆ: ಸ್ಕ್ರೂ ಕಂಪ್ರೆಸರ್, ಡಿಜಿ ಸೆಟ್, ಸಾಫ್ಟನರ್ ಮತ್ತು ಆರ್‌ಒ ಚೆನ್ನಾಗಿ ಗೊತ್ತು. ಇಟಿಪಿ ಕಡೆ ದಿನದ ರೀಡಿಂಗ್ ಮತ್ತು ಪಂಪ್ ನಿರ್ವಹಣೆ ಮಾತ್ರ ನೋಡಿದ್ದೇನೆ. ಚಿಲ್ಲರ್ ಕೆಲಸ ಮಾಡಿಲ್ಲ.

ಬಿಒಇ ಸರ್ಟಿಫಿಕೇಟ್ ಕರ್ನಾಟಕದ ಕಾರ್ಖಾನೆಗಳು, ಬಾಯ್ಲರ್‌ಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ ಕೊಟ್ಟದ್ದು. ಪ್ರತಿ ಲಗತ್ತಿಸಿದ್ದೇನೆ, ಮೂಲಪತ್ರವನ್ನು ಸಂದರ್ಶನಕ್ಕೆ ತರುತ್ತೇನೆ.

ಸಂಬಳ: ತಿಂಗಳಿಗೆ ಬೇಸಿಕ್ ಮತ್ತು ಡಿಎ ಸೇರಿ 26,000, ಎಚ್‌ಆರ್‌ಎ 10,400, ಇತರ ಭತ್ಯೆ 9,600, ಒಟ್ಟು ಗ್ರಾಸ್ 46,000. ಪಿಎಫ್ 3,120 ಮತ್ತು ವೃತ್ತಿ ತೆರಿಗೆ 200 ಕಳೆದು ಕೈಗೆ ಬರುವುದು 42,680. ಗ್ರಾಸ್ ಮೇಲೆ ಕಂಪನಿಯ ಪಾಲಿನ ಪಿಎಫ್ 3,120, ಗ್ರಾಚ್ಯುಟಿ ಬಾಬ್ತು ಸುಮಾರು 1,250, ವರ್ಷಕ್ಕೊಮ್ಮೆ ಎಕ್ಸ್‌ಗ್ರೇಷಿಯಾ 20,000 ಸೇರಿದರೆ ಸಿಟಿಸಿ 6.25 ಲಕ್ಷದ ಆಸುಪಾಸು. 7.5 ಲಕ್ಷ ಕೇಳುತ್ತಿರುವುದಕ್ಕೆ ಕಾರಣ ಇಷ್ಟೇ: ಈಗ ನಾನು ಮಂಡ್ಯದ ಸ್ವಂತ ಮನೆಯಲ್ಲಿದ್ದೇನೆ, ಅಲ್ಲಿಗೆ ಬಂದರೆ ಮೈಸೂರಿನಲ್ಲಿ ಬಾಡಿಗೆ ಕಟ್ಟಬೇಕು. ಇದರಲ್ಲಿ ವೇರಿಯಬಲ್ ಪೇ ಎಷ್ಟು, ಫಿಕ್ಸೆಡ್ ಎಷ್ಟು ಎಂಬುದು ನನಗೆ ಮುಖ್ಯ. 7.5 ಪೂರ್ತಿ ಫಿಕ್ಸೆಡ್ ಆಗಿದ್ದರೆ ಒಳ್ಳೆಯದು, ರಾತ್ರಿ ಶಿಫ್ಟ್ ಭತ್ಯೆ ಬೇರೆ ಕೊಡುವುದಾದರೆ 7.2ರವರೆಗೆ ಮಾತಾಡಬಹುದು.

ಮಂಡ್ಯದಿಂದ ನಂಜನಗೂಡಿಗೆ ಒಂದು ಕಡೆಗೆ ಸುಮಾರು 70 ಕಿಲೋಮೀಟರ್, ಮೂರು ಶಿಫ್ಟಿನ ಕೆಲಸಕ್ಕೆ ಅದು ದಿನಾ ಆಗುವ ಮಾತಲ್ಲ. ಆದ್ದರಿಂದ ಶ್ರೀರಾಂಪುರ ಅಥವಾ ಅಶೋಕಪುರಂ ಕಡೆ ಮನೆ ಮಾಡುತ್ತೇನೆ. ಕಂಪನಿ ಬಸ್ ಆ ಕಡೆಯಿಂದ ಹೊರಡುತ್ತದೆಯೇ, ರಾತ್ರಿ 10ಕ್ಕೆ ಶಿಫ್ಟ್ ಬಿಟ್ಟವರಿಗೂ ಇದೆಯೇ ಎಂದು ದಯವಿಟ್ಟು ವಿಚಾರಿಸಿ.

ಸೇರುವ ದಿನಾಂಕ: ಈಗ ನಮ್ಮಲ್ಲಿ ಓವರ್‌ಹಾಲ್ ನಡೆಯುತ್ತಿದೆ. ಏಪ್ರಿಲ್ 20ರೊಳಗೆ ಆಫರ್ ಲೆಟರ್ ಕೈಸೇರಿದರೆ 22ಕ್ಕೆ ರಾಜೀನಾಮೆ ಕೊಟ್ಟು ಜೂನ್ 21ಕ್ಕೆ ರಿಲೀವ್ ಆಗಿ, 24ರಂದು ಸೇರಬಲ್ಲೆ. ಇದಕ್ಕಿಂತ ಬೇಗ ಬೇಕೆಂದರೆ ನೋಟಿಸ್ ಬೈಔಟ್ ಇದೆ, ಬಾಕಿ ದಿನಗಳ ಬೇಸಿಕ್ ಕಟ್ಟಬೇಕಾಗುತ್ತದೆ, ಕ್ಲೈಂಟ್ ಭರಿಸುವುದಾದರೆ ಕೇಳಿ ನೋಡುತ್ತೇನೆ. ಆಫರ್ ತಡವಾಗಿ ಕಬ್ಬು ಅರೆಯಲು ಶುರುವಾಗಿಬಿಟ್ಟರೆ ಮಾತ್ರ ಬಿಡಿಸಿಕೊಳ್ಳುವುದು ಕಷ್ಟ, ನಡುಹಂಗಾಮಿನಲ್ಲಿ ಬಾಯ್ಲರ್ ಎಂಜಿನಿಯರನ್ನು ಯಾರೂ ಸಂತೋಷದಿಂದ ಕಳಿಸಿಕೊಡುವುದಿಲ್ಲ.

ದಾಖಲೆಗಳಲ್ಲಿ ರೆಸ್ಯೂಮೆ ಮತ್ತು ಬಿಒಇ ಪ್ರತಿ ಇದರ ಜೊತೆಗಿವೆ. ಮೂರು ತಿಂಗಳ ಪೇ ಸ್ಲಿಪ್ ಕೊನೆಯ ಸುತ್ತಿನ ಸಂದರ್ಶನದ ನಂತರ ಕಳಿಸುತ್ತೇನೆ. ಆಧಾರ್ ಮತ್ತು ಪ್ಯಾನ್ ಪ್ರತಿಗಳನ್ನು ಆಫರ್ ಬಂದ ಮೇಲೆ ಕಂಪನಿಯ ಎಚ್‌ಆರ್‌ಗೇ ಕೊಡುವುದು ನನ್ನ ಪದ್ಧತಿ, ಅನ್ಯಥಾ ಭಾವಿಸಬೇಡಿ.

ನನ್ನ ಕಡೆಯಿಂದ ಎರಡು ಕೋರಿಕೆ. ಕಂಪನಿಯ ಹೆಸರನ್ನು ನೀವು ಮೇಲ್‌ನಲ್ಲಿ ಹಾಕಿಲ್ಲ. ಮೊದಲ ಮೇಲ್‌ನಲ್ಲಿ ಹಾಕದಿರುವುದು ವಾಡಿಕೆಯೇ, ಆದರೆ ನನ್ನ ರೆಸ್ಯೂಮೆ ಸಲ್ಲಿಸುವ ಮುಂಚೆ ಫೋನಿನಲ್ಲಾದರೂ ಹೇಳಿ. ಇನ್ನೊಬ್ಬ ಕನ್ಸಲ್ಟೆಂಟ್ ಕೂಡ ನಂಜನಗೂಡಿನ ಕೆಲಸವೊಂದಕ್ಕೆ ಮಾತಾಡಿದ್ದಾರೆ. ಒಂದೇ ಕಂಪನಿಗೆ ಇಬ್ಬರ ಕಡೆಯಿಂದ ಪ್ರೊಫೈಲ್ ಹೋದರೆ ನಿಮಗೂ ತಕರಾರು, ನನ್ನ ಅರ್ಜಿಯೂ ಪಕ್ಕಕ್ಕೆ ಬೀಳುತ್ತದೆ. ಎರಡನೆಯದು, ಈಗಿನ ಕಾರ್ಖಾನೆಗೆ ರೆಫರೆನ್ಸ್ ಕರೆ ಆಫರ್‌ಗೆ ಮುಂಚೆ ಬೇಡ. ಅದಕ್ಕೆ ಬದಲಾಗಿ ಹಿಂದಿನ ಕಾರ್ಖಾನೆಯ ನಿವೃತ್ತ ಚೀಫ್ ಎಂಜಿನಿಯರ್ ಮಾತಾಡಲು ಒಪ್ಪಿದ್ದಾರೆ, ಬೇಕೆಂದಾಗ ಅವರ ನಂಬರ್ ಕೊಡುತ್ತೇನೆ.

ಕ್ಲೈಂಟನ್ನು ಕೇಳಿ ತಿಳಿಸಬೇಕಾದ ಸಂಗತಿಗಳೂ ಕೆಲವಿವೆ. ಬಾಯ್ಲರ್ ಎಫ್‌ಬಿಸಿಯೇ ಅಥವಾ ಗ್ರೇಟ್ ಮಾದರಿಯೇ, ಯಾವ ವರ್ಷದ್ದು? ಶಿಫ್ಟ್ ಇನ್‌ಚಾರ್ಜ್ ಕೈಕೆಳಗೆ ಎಷ್ಟು ಜನ, ಅವರಲ್ಲಿ ಸರ್ಟಿಫಿಕೇಟ್ ಇರುವ ಅಟೆಂಡೆಂಟ್ ಪ್ರತಿ ಶಿಫ್ಟಿಗೂ ಇದ್ದಾರೆಯೇ? ಇದು ಹೊಸ ಹುದ್ದೆಯೇ, ಯಾರಾದರೂ ಬಿಟ್ಟುಹೋದ ಜಾಗವೇ? ನೇಮಕ ನೇರವಾಗಿ ಕಂಪನಿಯ ರೋಲ್ ಮೇಲೆಯೇ, ಗುತ್ತಿಗೆದಾರರ ಮೂಲಕವೇ? ಗುತ್ತಿಗೆಯಾದರೆ ನನಗೆ ಆಗುವುದಿಲ್ಲ, ಹಾಗಿದ್ದಲ್ಲಿ ಈಗಲೇ ಹೇಳಿಬಿಡಿ, ಇಬ್ಬರ ಸಮಯವೂ ಉಳಿಯುತ್ತದೆ.

ನಾಳೆ ಬೆಳಿಗ್ಗೆ 11ಕ್ಕೆ ಕರೆ ಮಾಡುತ್ತೇನೆ ಎಂದಿದ್ದೀರಿ. ಆ ಹೊತ್ತಿನಲ್ಲಿ ನಾನು ಡ್ರಮ್ಮಿನೊಳಗೆ ಇರುತ್ತೇನೆ, ಅಲ್ಲಿಗೆ ಫೋನ್ ಒಯ್ಯುವುದಿಲ್ಲ. ನಾಳೆ ಅಥವಾ ನಾಡಿದ್ದು ಸಂಜೆ 6.30ರಿಂದ 8ರ ನಡುವೆ, ಇಲ್ಲವೇ ಮಧ್ಯಾಹ್ನ 1ರಿಂದ 1.30ರೊಳಗೆ ಮಾಡಿದರೆ ನಿಧಾನವಾಗಿ ಮಾತಾಡಬಹುದು. ನಿಮ್ಮ ಬಳಿ ಇರುವ ನಂಬರೇ ಸರಿ, ವಾಟ್ಸಾಪ್ ಕೂಡ ಅದೇ. ನೇರ ಸಂದರ್ಶನಕ್ಕೆ ಭಾನುವಾರ ಬಿಟ್ಟು ಬೇರೆ ದಿನವಾದರೆ ರಜೆ ಹಾಕಬೇಕು, ಮೂರು ದಿನ ಮುಂಚೆ ತಿಳಿಸಿ.

ವಂದನೆಗಳೊಂದಿಗೆ,
ಮಹೇಶ್ ಕೆ. ಸಿ.
ಬಾಯ್ಲರ್ ಶಿಫ್ಟ್ ಎಂಜಿನಿಯರ್, ಮಂಡ್ಯ

ಲಗತ್ತು: ರೆಸ್ಯೂಮೆ (2 ಪುಟ), ಬಿಒಇ ಸರ್ಟಿಫಿಕೇಟ್ ಪ್ರತಿ