ಪ್ರಕರಣಾಧಾರಿತ ಪ್ರಶ್ನೆಗಳು: ಹತ್ತಿ ಹೊಲದಿಂದ ಬಂದ ರೋಗಿ

ವಿಷಯ: ವೈದ್ಯಕೀಯ-ಶಸ್ತ್ರಚಿಕಿತ್ಸಾ ಶುಶ್ರೂಷೆ | ಜಿಎನ್‌ಎಂ ಎರಡನೇ ವರ್ಷ | ಒಟ್ಟು ಅಂಕ: 25 | ಸಮಯ: 50 ನಿಮಿಷ

ಪ್ರಕರಣ

ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆ. ಆಗಸ್ಟ್ ತಿಂಗಳ ಮಧ್ಯಾಹ್ನ 2 ಗಂಟೆ. 38 ವರ್ಷದ, 60 ಕೆ.ಜಿ. ತೂಕದ ರೈತನನ್ನು ಹೆಂಡತಿ ಮತ್ತು ತಮ್ಮ ಸೇರಿ ಟಂಟಂನಲ್ಲಿ ಕರೆತಂದಿದ್ದಾರೆ. ಹೆಂಡತಿ ಹೇಳಿದ್ದು: "ಮುಂಜಾನಿಂದ ಹತ್ತಿಗೆ ಎಣ್ಣಿ ಹೊಡ್ಯಾಕತ್ತಿದ್ರು ರೀ ಸಿಸ್ಟರ್. ಪಂಪ್ ಸೋರಿ ಬೆನ್ನೆಲ್ಲ ತೊಯ್ದಿತ್ತು. ಊಟಕ್ಕ ಬಂದವ್ರು ಕಣ್ಣು ಮಂಜಾಗ್ಯಾವ ಅಂದ್ರು, ಅಲ್ಲೇ ಕುಂತು ವಾಂತಿ ಮಾಡಿದ್ರು. ಹುಣಸಿಹಣ್ಣಿನ ನೀರು ಕುಡಿಸಿ ಕರ್ಕೊಂಡ ಬಂದ್ವಿ." ತಮ್ಮನ ಕೈಯಲ್ಲಿರುವ ಬಾಟಲಿಯ ಮೇಲೆ 'ಕ್ಲೋರೋಪೈರಿಫಾಸ್ 20% ಇ.ಸಿ.' ಎಂದಿದೆ. ದಾರಿಯುದ್ದಕ್ಕೂ ರೋಗಿ ಹೆಂಡತಿಯ ಹೆಗಲಿಗೆ ಒರಗಿದ್ದ. ಆಕೆಯ ಕುಪ್ಪಸದ ತೋಳು ಒದ್ದೆಯಾಗಿದೆ.

ತಪಾಸಣೆ: ನಾಡಿ 52, ರಕ್ತದೊತ್ತಡ 94/60, ಉಸಿರಾಟ ನಿಮಿಷಕ್ಕೆ 32, ಹೊರಗಾಳಿಯಲ್ಲಿ ಆಕ್ಸಿಜನ್ ಸ್ಯಾಚುರೇಶನ್ 84%, ಜಿಸಿಎಸ್ 12. ಎರಡೂ ಪಾಪೆಗಳು ಸೂಜಿಮೊನೆಯಷ್ಟು. ಬಾಯಿಂದ ಜೊಲ್ಲು, ಮೈತುಂಬ ಬೆವರು. ಎದೆಯ ಎರಡೂ ಕಡೆ ಗೊರಗೊರ ಸದ್ದು. ಮೀನಖಂಡದ ಸ್ನಾಯುಗಳು ಚರ್ಮದಡಿ ಪಟಪಟ ಅದುರುತ್ತಿವೆ. ಪ್ಯಾಂಟಿನಲ್ಲೇ ಮೂತ್ರವಾಗಿದೆ.

ಪ್ರಶ್ನೆಗಳು

1. ರೋಗಿಯ ಲಕ್ಷಣಗಳನ್ನು ಮಸ್ಕರಿನಿಕ್ ಮತ್ತು ನಿಕೊಟಿನಿಕ್ ಎಂದು ವಿಂಗಡಿಸಿ. ನಾಡಿ 52ರ ಬದಲು 120 ಇದ್ದಿದ್ದರೆ ಈ ವಿಷಬಾಧೆಯನ್ನು ತಳ್ಳಿಹಾಕುತ್ತಿದ್ದಿರಾ? (4)

2. ಮೊದಲ ಹತ್ತು ನಿಮಿಷದಲ್ಲಿ ನೀವು ಮಾಡುವ ಕೆಲಸಗಳನ್ನು ಆದ್ಯತೆಯ ಕ್ರಮದಲ್ಲಿ, ಕಾರಣಸಹಿತ ಬರೆಯಿರಿ. (5)

3. ವೈದ್ಯರ ಆದೇಶ: ಅಟ್ರೋಪಿನ್ 1.8 ಮಿ.ಗ್ರಾಂ. ಐವಿ ತಕ್ಷಣ, ಗುರಿ ಮುಟ್ಟದಿದ್ದರೆ 5 ನಿಮಿಷಕ್ಕೊಮ್ಮೆ ಹಿಂದಿನ ಡೋಸಿನ ಎರಡರಷ್ಟು, ಗುರಿ ಮುಟ್ಟಿದ ಮೇಲೆ ಕೊಟ್ಟ ಒಟ್ಟು ಪ್ರಮಾಣದ 10% ಪ್ರತಿ ಗಂಟೆಗೆ. ಆಂಪೂಲ್: 0.6 ಮಿ.ಗ್ರಾಂ./1 ಮಿ.ಲೀ. ಮೂರು ಡೋಸ್ ಆದ ಮೇಲೆ ನಾಡಿ 96, ರಕ್ತದೊತ್ತಡ 110/70, ಎದೆ ಸ್ವಚ್ಛ, ಕಂಕುಳು ಒಣಗಿದೆ. ಪಾಪೆ 2 ಮಿ.ಮೀ.
ಅ) ಪ್ರತಿ ಡೋಸಿಗೆ ಎಷ್ಟು ಆಂಪೂಲ್? ಆ) ದುರ್ಬಲಗೊಳಿಸದ ಔಷಧವನ್ನು ಸಿರಿಂಜ್ ಪಂಪಿನಲ್ಲಿ ಗಂಟೆಗೆ ಎಷ್ಟು ಮಿ.ಲೀ. ಬಿಡುತ್ತೀರಿ? ಇ) "ಪಾಪೆ ಇನ್ನೂ ಚಿಕ್ಕದಿದೆ, ನಾಲ್ಕನೇ ಡೋಸ್ ಕೊಡೋಣ" ಎನ್ನುವ ಸಹಪಾಠಿಗೆ ಏನು ಹೇಳುತ್ತೀರಿ? (6)

4. ಪ್ರಾಲಿಡಾಕ್ಸಿಮ್ 30 ಮಿ.ಗ್ರಾಂ./ಕೆ.ಜಿ., ನಾರ್ಮಲ್ ಸಲೈನ್ ಸೇರಿಸಿ ಒಟ್ಟು 100 ಮಿ.ಲೀ. ಮಾಡಿ 30 ನಿಮಿಷದಲ್ಲಿ ಕೊಡಬೇಕು. ಲಭ್ಯವಿರುವುದು 500 ಮಿ.ಗ್ರಾಂ./20 ಮಿ.ಲೀ. ಡ್ರಿಪ್ ಸೆಟ್ 20 ಹನಿ/ಮಿ.ಲೀ. ಲೆಕ್ಕ ಮಾಡಿ. (2)

5. ರಾತ್ರಿ 11 ಗಂಟೆ. ನಾಡಿ 138, ಜ್ವರ 38.9 ಡಿಗ್ರಿ ಸೆಲ್ಸಿಯಸ್. ರೋಗಿ ಗಾಳಿಯಲ್ಲಿ ಏನನ್ನೋ ಹಿಡಿಯುತ್ತಿದ್ದಾನೆ, ಐವಿ ಕೀಳಲು ನೋಡುತ್ತಾನೆ. ಹೊಟ್ಟೆಯಲ್ಲಿ ಕರುಳಿನ ಸದ್ದಿಲ್ಲ, ಕಿಬ್ಬೊಟ್ಟೆ ಉಬ್ಬಿದೆ, ಸಂಜೆಯಿಂದ ಮೂತ್ರವಿಲ್ಲ. ಏನಾಗಿದೆ? ನಿಮ್ಮ ಶುಶ್ರೂಷೆ ಏನು? (4)

6. ಮೂರನೇ ದಿನ ಬೆಳಿಗ್ಗೆ. ಜೊಲ್ಲಿಲ್ಲ, ಎದೆ ಸ್ವಚ್ಛ, ಪ್ರಜ್ಞೆ ಸರಿಯಿದೆ. "ಗಂಜಿ ಕೊಡ್ಲೇನ್ರೀ?" ಎಂದು ಹೆಂಡತಿ ಕೇಳುತ್ತಾಳೆ. ಆದರೆ ರೋಗಿಗೆ ದಿಂಬಿನಿಂದ ತಲೆ ಎತ್ತಲಾಗುತ್ತಿಲ್ಲ. ಮಾತು ಮೂಗಿನಲ್ಲಿ ಬರುತ್ತಿದೆ. ಉಸಿರಾಟ 28, ಆಳವಿಲ್ಲ, ಸ್ಯಾಚುರೇಶನ್ 94%. ನಿಮ್ಮ ನಿರ್ಧಾರವೇನು? (4)

ಉತ್ತರ ಸೂಚಿ

1. ಆರ್ಗನೊಫಾಸ್ಫೇಟ್ ಕೀಟನಾಶಕವು ಅಸಿಟೈಲ್‌ಕೋಲಿನೆಸ್ಟರೇಸ್ ಕಿಣ್ವವನ್ನು ಕಟ್ಟಿಹಾಕುತ್ತದೆ. ಒಡೆಯದೆ ಉಳಿದ ಅಸಿಟೈಲ್‌ಕೋಲಿನ್ ಶೇಖರವಾಗುತ್ತದೆ. ಮಸ್ಕರಿನಿಕ್: ಚಿಕ್ಕ ಪಾಪೆ, ಮಂಜುಗಣ್ಣು, ಜೊಲ್ಲು, ವಾಂತಿ, ಮೂತ್ರ ಹೋಗುವುದು, ಶ್ವಾಸನಾಳದ ಸ್ರಾವ, ನಿಧಾನ ನಾಡಿ, ಬೆವರು. ನಿಕೊಟಿನಿಕ್: ಸ್ನಾಯು ಅದುರು. ಬೆವರಿನಲ್ಲಿ ಹಲವರು ಎಡವುತ್ತಾರೆ: ಅದರ ನರ ಸಿಂಪಥೆಟಿಕ್ ಆದರೂ ಗ್ರಂಥಿಯ ಗ್ರಾಹಕ ಮಸ್ಕರಿನಿಕ್. ಜಿಸಿಎಸ್ ಇಳಿದಿರುವುದು ಮಿದುಳಿನ ಮೇಲಿನ ಪರಿಣಾಮ ಮತ್ತು ಆಮ್ಲಜನಕದ ಕೊರತೆಯಿಂದ. ಅದನ್ನು ಪ್ರತ್ಯೇಕವಾಗಿ ಬರೆದವರಿಗೂ ಅಂಕ ಕೊಡಿ. (3)

ನಾಡಿ 120 ಇದ್ದರೂ ತಳ್ಳಿಹಾಕುವಂತಿಲ್ಲ. ಸಿಂಪಥೆಟಿಕ್ ಗ್ಯಾಂಗ್ಲಿಯಾದ ನಿಕೊಟಿನಿಕ್ ಪ್ರಚೋದನೆ ಹಾಗೂ ಆಮ್ಲಜನಕದ ಕೊರತೆ ನಾಡಿಯನ್ನು ಏರಿಸಬಲ್ಲವು. (1)

2. ಗ್ಲೌಸ್, ಏಪ್ರನ್ ಹಾಕಿಕೊಂಡೇ ಮುಟ್ಟಬೇಕು. ಎಡಮಗ್ಗುಲಿಗೆ ಮಲಗಿಸಿ ಬಾಯಿ-ಗಂಟಲು ಸಕ್ಷನ್, ಹೆಚ್ಚಿನ ಹರಿವಿನ ಆಕ್ಸಿಜನ್. ಎರಡು ಐವಿ ಲೈನ್, ಮಾನಿಟರ್, ಗ್ಲುಕೋಸ್ ತಪಾಸಣೆ, ಅಟ್ರೋಪಿನ್ ತಕ್ಷಣ. ಸ್ಯಾಚುರೇಶನ್ ಏರುವವರೆಗೆ ಅಟ್ರೋಪಿನ್ ತಡೆಯುವುದು ಹಳೆಯ ಪಾಠ. ಶ್ವಾಸನಾಳದ ನೀರು ಒಣಗದೆ ಆಕ್ಸಿಜನ್ ಒಳಹೋಗುವುದಾದರೂ ಹೇಗೆ? (2)

ಇನ್ನೊಬ್ಬರು ಇದೇ ಹೊತ್ತಿನಲ್ಲಿ ಬಟ್ಟೆ ಕತ್ತರಿಸಿ ತೆಗೆಯಬೇಕು. ಬೆನ್ನು, ಕಂಕುಳು, ತೊಡೆಸಂದಿ, ಕೂದಲು, ಉಗುರುಸಂದಿಗಳನ್ನು ಸೋಪು ಹಾಕಿ ಧಾರಾಳ ನೀರಿನಲ್ಲಿ ತೊಳೆಯಬೇಕು. ಶರ್ಟ್ ಬೆನ್ನಿಗಂಟಿರುವಷ್ಟು ಹೊತ್ತೂ ವಿಷ ಒಳಗಿಳಿಯುತ್ತಿರುತ್ತದೆ. ಅದನ್ನು ಬಿಟ್ಟು ಅಟ್ರೋಪಿನ್ ಏರಿಸುತ್ತಾ ಹೋದರೆ ಲಾಭ ಕಡಿಮೆ. ಬಟ್ಟೆಯನ್ನು ಚೀಲದಲ್ಲಿ ಕಟ್ಟಿಡಬೇಕು, ಮೆಡಿಕೋ-ಲೀಗಲ್ ಪ್ರಕರಣವಾಗಿ ದಾಖಲಿಸಬೇಕು. (2)

ಹೆಂಡತಿಯೂ ಕುಪ್ಪಸ ಬದಲಿಸಿ ತೋಳು ತೊಳೆದುಕೊಳ್ಳಬೇಕು. ಪ್ರಕರಣವನ್ನು ಗಮನವಿಟ್ಟು ಓದಿದವರಿಗೆ ಮೀಸಲಾದ ಅಂಕ ಇದು. (1)

ಉಪ್ಪುನೀರು ಕುಡಿಸಿ ವಾಂತಿ ಮಾಡಿಸುತ್ತೇನೆ ಎಂದು ಬರೆದವರಿಗೆ 1 ಅಂಕ ಕಳೆಯಿರಿ. ಪ್ರಜ್ಞೆ ಮಂಕಾಗಿದೆ, ದ್ರಾವಣದಲ್ಲಿ ಪೆಟ್ರೋಲಿಯಂ ಮೂಲದ ದ್ರಾವಕ ಇರಬಹುದು. ಅದು ಶ್ವಾಸಕೋಶ ಸೇರಿದರೆ ಎರಡನೇ ಅಪಾಯ. ಹುಣಸೆನೀರು, ವಾಂತಿಯ ಸಂಗತಿಯನ್ನು ವೈದ್ಯರಿಗೆ ತಿಳಿಸಬೇಕಾದದ್ದೂ ಇದೇ ಕಾರಣಕ್ಕೆ. ಹೆಂಡತಿಯನ್ನು ಗದರಿಸುವುದು ಬೇಡ.

3. ಅ) 1.8, 3.6, 7.2 ಮಿ.ಗ್ರಾಂ.; ಅಂದರೆ 3, 6, 12 ಆಂಪೂಲ್. ಒಟ್ಟು 12.6 ಮಿ.ಗ್ರಾಂ., 21 ಆಂಪೂಲ್. (2) ವಾರ್ಡಿನ ಸ್ಟಾಕ್ ಎಷ್ಟಿದೆ ಎಂದು ಮೊದಲ ಡೋಸಿನ ಜೊತೆಗೇ ನೋಡಿಕೊಳ್ಳಬೇಕು.

ಆ) 12.6ರ 10% = ಗಂಟೆಗೆ 1.26 ಮಿ.ಗ್ರಾಂ. 1.26 ÷ 0.6 = 2.1. ಗಂಟೆಗೆ 2.1 ಮಿ.ಲೀ. (2)

ಇ) ಬೇಡ. ನೋಡಬೇಕಾದ ಗುರಿಗಳು: ಎದೆ ಸ್ವಚ್ಛ, ನಾಡಿ 80ಕ್ಕಿಂತ ಹೆಚ್ಚು, ಸಿಸ್ಟೋಲಿಕ್ 80ಕ್ಕಿಂತ ಹೆಚ್ಚು, ಒಣ ಕಂಕುಳು, ಸೂಜಿಮೊನೆಯಂತಿಲ್ಲದ ಪಾಪೆ. ಇವುಗಳಲ್ಲಿ ಪಾಪೆ ಹಿಂದೆ ಬೀಳುವುದುಂಟು. ಕಣ್ಣಿಗೆ ನೇರ ಸಿಡಿದಿದ್ದರಂತೂ ಇನ್ನೂ ತಡ. ಅದು ಪೂರ್ತಿ ಹಿಗ್ಗಲೆಂದು ಕಾದರೆ ಪ್ರಶ್ನೆ 5ರ ಸ್ಥಿತಿಗೆ ನಾವೇ ತಳ್ಳಿದಂತೆ. ಸ್ಟೆತೊಸ್ಕೋಪ್ ಟಾರ್ಚಿಗಿಂತ ಮುಖ್ಯ. ಒಂದು ಕಡೆ ಮಾತ್ರ ಗೊರಗೊರ ಉಳಿದರೆ ವಾಂತಿ ಶ್ವಾಸಕೋಶಕ್ಕೆ ಹೋಗಿರಬಹುದು. ಅಟ್ರೋಪಿನ್ ಅದನ್ನು ಒಣಗಿಸದು. (2)

4. 30 × 60 = 1800 ಮಿ.ಗ್ರಾಂ. = 72 ಮಿ.ಲೀ.; ಸಲೈನ್ 28 ಮಿ.ಲೀ. (1) 100 × 20 ÷ 30 = ನಿಮಿಷಕ್ಕೆ ಸುಮಾರು 67 ಹನಿ. (1) ಇದನ್ನು ರಭಸದಿಂದ ತಳ್ಳಿದರೆ ವಾಂತಿ, ಏರುರಕ್ತದೊತ್ತಡ, ಹೃದಯಸ್ತಂಭನದ ಅಪಾಯವಿದೆ. ಈ ಔಷಧದ ಪ್ರಯೋಜನದ ಬಗ್ಗೆ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ, ಆದ್ದರಿಂದ ಕೆಲವು ವೈದ್ಯರು ಬರೆಯದಿರಬಹುದು.

5. ಅಟ್ರೋಪಿನ್ ಅತಿಯಾಗಿದೆ. ಗೊಂದಲ, ಜ್ವರ, ಸದ್ದಿಲ್ಲದ ಕರುಳು ಒಟ್ಟಿಗೆ ಬಂದಿರುವುದೇ ಸುಳಿವು. ಮೂತ್ರ ಕಟ್ಟಿರುವುದು ಅದಕ್ಕೆ ಪುಷ್ಟಿ. (2) ವೈದ್ಯರಿಗೆ ಕರೆ ಮಾಡಿ, ಅವರ ಆದೇಶದಂತೆ ಇನ್‌ಫ್ಯೂಷನ್ ನಿಲ್ಲಿಸಬೇಕು. ಕ್ಯಾಥೆಟರ್, ತಣ್ಣೀರ ಬಟ್ಟೆ, ಅರ್ಧ ಗಂಟೆಗೊಮ್ಮೆ ತಪಾಸಣೆ. ಲಕ್ಷಣ ಇಳಿದ ಮೇಲೆ ಹಿಂದಿನ ವೇಗದ 70–80%ರಲ್ಲಿ ಮತ್ತೆ ಶುರು. (2) ಕೈಕಾಲು ಕಟ್ಟಿಹಾಕುವುದನ್ನೇ ಮೊದಲ ಕ್ರಮವಾಗಿ ಬರೆದರೆ ಅಂಕವಿಲ್ಲ. ತುಂಬಿದ ಮೂತ್ರಕೋಶ ಖಾಲಿಯಾದೊಡನೆ ಅರ್ಧ ಚಡಪಡಿಕೆ ಇಳಿಯುವುದುಂಟು.

6. ಇಂಟರ್ಮೀಡಿಯೆಟ್ ಸಿಂಡ್ರೋಮ್. ಸಾಮಾನ್ಯವಾಗಿ 24ರಿಂದ 96 ಗಂಟೆಯೊಳಗೆ ಬರುತ್ತದೆ. ಮೊದಲು ಸೋಲುವುದು ಕತ್ತು ಬಾಗಿಸುವ ಸ್ನಾಯು, ಆಮೇಲೆ ಉಸಿರಾಟದವು. (1) ಇದು ನರ-ಸ್ನಾಯು ಸಂಧಿಯ ತೊಂದರೆ, ಅಟ್ರೋಪಿನ್‌ಗೆ ಬಗ್ಗದು. (1) ಗಂಜಿ ಕೊಡಬಾರದು. ನುಂಗುವ ಸ್ನಾಯುಗಳೂ ಸೋತಿವೆ. ವೈದ್ಯರನ್ನು ಕರೆದು ಇಂಟ್ಯುಬೇಷನ್ ಟ್ರೇ, ಅಂಬು ಬ್ಯಾಗ್ ಮಂಚದ ಬಳಿ ಇಡಬೇಕು. ಸಕ್ಸಿನೈಲ್‌ಕೋಲಿನ್ ಪರಿಣಾಮ ಈ ರೋಗಿಯಲ್ಲಿ ಬಹಳ ಹೊತ್ತು ಉಳಿಯುತ್ತದೆ, ಅದನ್ನು ನೆನಪಿಸಬೇಕು. ವೆಂಟಿಲೇಟರ್ ಇಲ್ಲದಿದ್ದರೆ, ಉಸಿರಾಟದ ದಾರಿ ಭದ್ರಪಡಿಸಿ, ನರ್ಸ್ ಜೊತೆಗಿದ್ದು 108ರಲ್ಲಿ ಜಿಲ್ಲಾ ಆಸ್ಪತ್ರೆಗೆ ಸಾಗಿಸಬೇಕು. (2)

"94% ಇದೆ, ಕಾಯೋಣ" ಎಂಬ ಉತ್ತರಕ್ಕೆ ಸೊನ್ನೆ. ಸ್ಯಾಚುರೇಶನ್ ಕುಸಿಯುವ ಹೊತ್ತಿಗೆ ಸ್ನಾಯು ಪೂರ್ತಿ ಸೋತಿರುತ್ತದೆ. ಎರಡನೇ ದಿನದಿಂದಲೇ ಪ್ರತಿ ಪಾಳಿಯಲ್ಲಿ "ತಲೆ ಎತ್ತಿ, ಹಾಗೇ ಹಿಡೀರಿ" ಎಂದು ಹೇಳಿ ನೋಡಿ, ಫಲಿತಾಂಶವನ್ನು ನರ್ಸಿಂಗ್ ಟಿಪ್ಪಣಿಯಲ್ಲಿ ಬರೆಯುತ್ತೇನೆ ಎಂದವರಿಗೆ 1 ಹೆಚ್ಚುವರಿ ಅಂಕ. ಒಟ್ಟು 25 ಮೀರಬಾರದು.