ಚಿನ್ನು, ಡಬ್ಬಿ ತೆಗೆಯುವ ಮೊದಲು ಇದನ್ನು ಓದು

ಚಿನ್ನು,

ನಿಧಾನಕ್ಕೆ ಓದು. ಒತ್ತಕ್ಷರ ಕಷ್ಟ ಅನ್ನಿಸಿದರೆ ಬಿಟ್ಟು ಮುಂದೆ ಹೋಗು, ಸಂಜೆ ಇಬ್ಬರೂ ಕೂತು ಇನ್ನೊಂದು ಸಲ ಓದೋಣ.

ಮೊದಲು ನನ್ನದೊಂದು ತಪ್ಪು ಸರಿ ಮಾಡಬೇಕು. ನಿನ್ನೆ ರಾತ್ರಿ ನೀನು ಕಣ್ಣು ಮುಚ್ಚಿಕೊಂಡೇ "ಅಮ್ಮಾ, ನೀನೂ ಸ್ಕೂಲ್ ಒಳಗೆ ಬರ್ತೀಯಾ?" ಅಂತ ಕೇಳಿದೆ. ನಿದ್ದೆ ಬರಲಿ ಅಂತ ನಾನು ಸುಮ್ನೆ "ಹೂಂ" ಅಂದುಬಿಟ್ಟೆ. ಹಾಗೆ ಹೇಳಬಾರದಿತ್ತು. ಕ್ಲಾಸಿನ ಒಳಗೆ ಅಮ್ಮ ಬರುವ ಹಾಗಿಲ್ಲ ಕಂದಾ. ಗೇಟಿನ ಹತ್ತಿರ ನಿನಗೆ ಇದನ್ನೇ ಹೇಳಿರುತ್ತೇನೆ, ಆಗ ನೀನು ಅತ್ತಿದ್ದೆಯೋ ಏನೋ. ಅತ್ತಿದ್ದರೆ ಏನೂ ಆಗಲ್ಲ. ಕರ್ಚೀಫು ಬ್ಯಾಗಿನ ಮುಂದಿನ ಜೇಬಿನಲ್ಲಿದೆ.

ಆದರೆ ಕರೆದುಕೊಂಡು ಹೋಗಲು ನಾನೇ ಬರುತ್ತೇನೆ, ಇದು ಮಾತ್ರ ನೂರಕ್ಕೆ ನೂರು ನಿಜ. ಗಡಿಯಾರದ ಚಿಕ್ಕ ಮುಳ್ಳು 3ರ ಮೇಲೆ, ದೊಡ್ಡ ಮುಳ್ಳು 12ರ ಮೇಲೆ ಬಂದಾಗ ಬೆಲ್ ಹೊಡೆಯುತ್ತದೆ, ಅಷ್ಟು ಹೊತ್ತಿಗೆ ನಾನು ಗೇಟಿನ ಆಚೆ ಹಳದಿ ಬಟ್ಟೆ ಹಾಕಿಕೊಂಡು ನಿಂತಿರುತ್ತೇನೆ, ಬೇಗ ಕಾಣಲಿ ಅಂತಲೇ ಹಳದಿ. ಬೇರೆ ಯಾರಾದರೂ "ಬಾ, ಅಮ್ಮ ಕರೀತಿದ್ದಾರೆ" ಅಂದರೆ ಹೋಗಬೇಡ. ಸೀದಾ ಮಿಸ್ ಹತ್ತಿರ ಹೋಗು.

ಇನ್ನೊಂದು ಮಾತು, ಇದು ತುಂಬಾ ಮುಖ್ಯ. ಸೂಸು ಬಂದರೆ ತಡೆದುಕೊಳ್ಳಬೇಡ. ಪಾಠ ನಡೆಯುತ್ತಿದ್ದರೂ ಕೈ ಎತ್ತಿ ಕೇಳು. ನಾನು ಚಿಕ್ಕವಳಿದ್ದಾಗ ನಾಚಿಕೊಂಡು ಕೇಳದೆ, ಹೊಟ್ಟೆ ಹಿಡಿದುಕೊಂಡು ಕೂತು, ಕೊನೆಗೆ ಬೆಂಚಿನ ಮೇಲೇ ಆಗಿಹೋಯಿತು. ಯಾರೂ ಬೈಯಲಿಲ್ಲ, ಆದರೆ ನಾನು ಆ ದಿನ ಪೂರ್ತಿ ತಲೆ ಎತ್ತಲಿಲ್ಲ. ನಿನಗೆ ಹಾಗೆ ಆಗಬಾರದು. ಆದರೂ ಹೆದರಬೇಡ, ಬ್ಯಾಗಿನ ಅಡಿಯಲ್ಲಿ ಇನ್ನೊಂದು ಚಡ್ಡಿ ಇಟ್ಟಿದ್ದೇನೆ.

ಎಲ್ಲರ ಬ್ಯಾಗೂ ಒಂದೇ ಥರ ಇರಬಹುದು. ನಿನ್ನ ಬ್ಯಾಗಿನ ಜಿಪ್ಪಿಗೆ ನನ್ನ ಹಳೇ ವೇಲಿನ ನೀಲಿ ತುಂಡು ಕಟ್ಟಿದ್ದೇನೆ, ನೀನು ನಿದ್ದೆ ಬರುವಾಗ ಬೆರಳಿಗೆ ಸುತ್ತಿಕೊಳ್ಳುತ್ತೀಯಲ್ಲ, ಅದೇ. ಬೇಜಾರಾದರೆ ಸ್ವಲ್ಪ ಹೊತ್ತು ಹಿಡಿದುಕೋ.

ಕ್ರೇಯಾನ್ಸ್ 12 ಇವೆ. ಪಕ್ಕದಲ್ಲಿ ಕೂತವರು ಕೇಳಿದರೆ ಕೊಡು, ನಿನಗೆ ಇಷ್ಟವಾದ ನೇರಳೆ ಬಣ್ಣದ್ದನ್ನು ಕೊಡಲು ಮನಸ್ಸಿಲ್ಲದಿದ್ದರೆ "ಇದು ಬೇಡ, ಬೇರೆ ತಗೋ" ಅಂತ ಹೇಳು. ಅವರ ಹೆಸರು ಕೇಳಿಕೊಂಡು ಬಾ. ಸಂಜೆ ದಾರಿಯಲ್ಲಿ ನನಗೆ ಮೊದಲು ಅದನ್ನೇ ಹೇಳಬೇಕು, ಆಯ್ತಾ?

ಬೆಳಿಗ್ಗೆ ನಿನ್ನ ಶೂ ಹಾಕುವಾಗ ನನ್ನ ಕೈ ಸ್ವಲ್ಪ ನಡುಗಿರಬಹುದು. ನೀನು ನೋಡಿ "ಯಾಕಮ್ಮಾ?" ಅಂದರೆ ಏನು ಹೇಳಲಿ ಅಂತ ಈ ಚೀಟಿ ಬರೆಯುವಾಗಲೇ ಯೋಚನೆ ಮಾಡುತ್ತಿದ್ದೇನೆ. ನನಗೂ ಇದು ಹೊಸದು ಚಿನ್ನು. ಇಷ್ಟು ಹೊತ್ತು ನಿನ್ನನ್ನು ಬಿಟ್ಟು ನಾನು ಯಾವತ್ತೂ ಇದ್ದಿಲ್ಲ.

ಸರಿ, ಈಗ ಡಬ್ಬಿ ತೆಗೆ. ಮುಚ್ಚಳ ಜಾಸ್ತಿ ಬಿಗಿ ಮಾಡಿಲ್ಲ, ನಿನ್ನ ಕೈಯಲ್ಲೇ ಬರುತ್ತದೆ.

ಅಮ್ಮ