ಬಯೋಮೆಡಿಕಲ್ ಎಂಜಿನಿಯರ್ | ಐಸಿಯು ಮತ್ತು ಓಟಿ ಉಪಕರಣಗಳ ನಿರ್ವಹಣೆ, ಕ್ಯಾಲಿಬ್ರೇಷನ್, ಖರೀದಿ ಸಲಹೆ

ಮಾನಿಟರ್ ಮೇಲೆ ಕಾಣುವ ಅಂಕಿ ನಿಜವಾಗಿರಬೇಕು. ನಿಮ್ಮ ಕೆಲಸ ಏನು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ಡಾಕ್ಟರು ಆ ಅಂಕಿ ನೋಡಿ ಔಷಧದ ಪ್ರಮಾಣ ಬದಲಿಸುತ್ತಾರೆ. ಸಿಸ್ಟರ್ ಅದನ್ನೇ ನೋಡಿ ಆಕ್ಸಿಜನ್ ಏರಿಸುತ್ತಾರೆ, ಇಳಿಸುತ್ತಾರೆ. ಯಂತ್ರ ಪೂರ್ತಿ ಕೆಟ್ಟು ನಿಂತರೆ ಎಲ್ಲರಿಗೂ ತಕ್ಷಣ ಗೊತ್ತಾಗುತ್ತದೆ, ಬೇರೆ ಯಂತ್ರ ತಂದು ಜೋಡಿಸುತ್ತಾರೆ. ಚೆನ್ನಾಗಿ ಓಡುತ್ತಲೇ ತಪ್ಪು ಅಂಕಿ ತೋರಿಸುವ ಯಂತ್ರ ಇದೆಯಲ್ಲ, ಅಪಾಯ ಜಾಸ್ತಿ ಇರುವುದು ಅದರಲ್ಲಿ. ಅಂಥದ್ದು ರೋಗಿಯ ಹತ್ತಿರ ಹೋಗುವ ಮೊದಲೇ ಅದನ್ನು ಹಿಡಿಯುವುದು ನನ್ನ ಕೆಲಸ.

ಸದ್ಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಬಯೋಮೆಡಿಕಲ್ ವಿಭಾಗದ ಮುಖ್ಯಸ್ಥೆಯಾಗಿದ್ದೇನೆ. ಈ ಕ್ಷೇತ್ರದಲ್ಲಿ ಹನ್ನೊಂದು ವರ್ಷಗಳ ಅನುಭವ ಇದೆ. ಮೊದಲ ಕೆಲವು ವರ್ಷ ಉಪಕರಣ ತಯಾರಿಸುವ ಕಂಪನಿಯೊಂದರ ಪರವಾಗಿ ವೆಂಟಿಲೇಟರ್ ಮತ್ತು ಅನಸ್ತೇಶಿಯಾ ಯಂತ್ರಗಳ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಆಮೇಲೆ ಆಸ್ಪತ್ರೆಯ ಕಡೆಗೆ ಬಂದೆ. ಎರಡೂ ಕಡೆ ಕೆಲಸ ಮಾಡಿದ್ದು ತುಂಬಾ ಉಪಯೋಗಕ್ಕೆ ಬಂದಿದೆ. ಕಂಪನಿಯವರಿಗೆ ಯಂತ್ರದ ಒಳಗೆ ಏನಿದೆ ಅಂತ ಗೊತ್ತಿರುತ್ತದೆ. ಆ ಯಂತ್ರ ರಾತ್ರಿ ಪಾಳಿಯಲ್ಲಿ, ಅವಸರದಲ್ಲಿ, ಒದ್ದೆ ಕೈಯಲ್ಲಿ ಹೇಗೆ ಬಳಕೆಯಾಗುತ್ತದೆ ಅನ್ನುವುದು ವಾರ್ಡಿನಲ್ಲಿ ನಿಂತು ನೋಡಿದವರಿಗೆ ಮಾತ್ರ ಗೊತ್ತು.

ನನ್ನ ಹೆಚ್ಚಿನ ಸಮಯ ಜೀವ ಉಳಿಸುವ ಉಪಕರಣಗಳ ಹಿಂದೆಯೇ ಹೋಗುತ್ತದೆ. ವೆಂಟಿಲೇಟರ್‌ಗೆ ಟೆಸ್ಟ್ ಲಂಗ್ ಹಾಕಿ, ಗ್ಯಾಸ್ ಫ್ಲೋ ಅನಲೈಸರ್ ಜೋಡಿಸಿ, ಪ್ರತಿ ಉಸಿರಿಗೆ ಸೆಟ್ ಮಾಡಿದ ಗಾಳಿಯ ಪ್ರಮಾಣ, ಅಂದರೆ ಟೈಡಲ್ ವಾಲ್ಯೂಮ್, ನಿಜವಾಗಿ ಹೋಗುತ್ತಿದೆಯಾ, ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಯಬೇಕಾದ ಒತ್ತಡ, ಅಂದರೆ ಪೀಪ್, ನಿಲ್ಲುತ್ತಿದೆಯಾ ಅಂತ ನೋಡುತ್ತೇನೆ. ಆಕ್ಸಿಜನ್ ಸೆನ್ಸರ್ ಸಾಮಾನ್ಯ ಗಾಳಿಯಲ್ಲಿ 21 ಪರ್ಸೆಂಟ್, ಶುದ್ಧ ಆಕ್ಸಿಜನ್‌ನಲ್ಲಿ 100 ಪರ್ಸೆಂಟ್ ತೋರಿಸಬೇಕು. ರಾಸಾಯನಿಕ ಕೋಶ ಇರುವ ಸೆನ್ಸರ್‌ಗಳು ಯಂತ್ರ ಬಳಸದೇ ಇಟ್ಟರೂ ಸವೆಯುತ್ತವೆ. ಗಾಳಿಯಲ್ಲಿರುವ ಆಕ್ಸಿಜನ್ ಅವನ್ನು ಸುಮ್ನೆ ಬಿಡುವುದಿಲ್ಲ. ಹಾಗಾಗಿ ಸ್ಟ್ಯಾಂಡ್‌ಬೈ ವೆಂಟಿಲೇಟರ್ ಹೊಸದರಂತೆ ಇರುತ್ತದೆ ಅನ್ನುವ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಮೂಲೆಯಲ್ಲಿ ನಿಂತ ಯಂತ್ರಕ್ಕೂ ಓಡುತ್ತಿರುವ ಯಂತ್ರಕ್ಕೂ ನನ್ನ ಹತ್ತಿರ ಒಂದೇ ವೇಳಾಪಟ್ಟಿ.

ಡಿಫಿಬ್ರಿಲೇಟರ್ ವಿಷಯದಲ್ಲಿ ಇನ್ನೂ ಬಿಗಿ. 50 ಓಮ್ ಲೋಡ್ ಇರುವ ಅನಲೈಸರ್‌ಗೆ ಶಾಕ್ ಕೊಟ್ಟು, 200 ಜೂಲ್ ಅಂತ ಸೆಟ್ ಮಾಡಿದಾಗ ಎಷ್ಟು ಜೂಲ್ ಹೊರಬಂತು, ಚಾರ್ಜ್ ಆಗಲು ಎಷ್ಟು ಸೆಕೆಂಡ್ ಹಿಡಿಯಿತು ಅಂತ ಬರೆದಿಡುತ್ತೇವೆ. ಪ್ಲಗ್ ಹಾಕಿ ಒಮ್ಮೆ, ಬರೀ ಬ್ಯಾಟರಿಯಲ್ಲಿ ಇನ್ನೊಮ್ಮೆ. ಬ್ಯಾಟರಿಯ ಪರೀಕ್ಷೆ ಬಿಟ್ಟರೆ ಆ ನಿಯಮಿತ ತಪಾಸಣೆ ಮಾಡಿದ್ದೂ ಒಂದೇ, ಬಿಟ್ಟದ್ದೂ ಒಂದೇ. ಈ ಯಂತ್ರ ನಿಜಕ್ಕೂ ಬೇಕಾಗುವುದು ರೋಗಿ ಕಾರಿಡಾರ್‌ನಲ್ಲೋ ಲಿಫ್ಟ್‌ನಲ್ಲೋ ಇರುವಾಗ. ಅಲ್ಲಿ ಪ್ಲಗ್ ಎಲ್ಲಿರುತ್ತದೆ? ಸ್ಕ್ರೀನ್ ಮೇಲೆ ಬ್ಯಾಟರಿ ಪೂರ್ತಿ ತುಂಬಿದೆ ಅಂತ ಕಾಣಬಹುದು. ಹಳೆಯ ಬ್ಯಾಟರಿ ತುಂಬಿದಂತೆ ತೋರಿಸಿ, ಲೋಡ್ ಬಿದ್ದ ಕೆಲವೇ ನಿಮಿಷಕ್ಕೆ ಕೈಕೊಡುತ್ತದೆ. ಅದಕ್ಕೇ ನಮ್ಮ ವಿಭಾಗದಲ್ಲಿ ಟ್ರಾನ್ಸ್‌ಪೋರ್ಟ್ ವೆಂಟಿಲೇಟರ್, ಇನ್‌ಫ್ಯೂಷನ್ ಪಂಪ್, ಡಿಫಿಬ್ರಿಲೇಟರ್ ಮೂರಕ್ಕೂ ಬ್ಯಾಟರಿಯನ್ನು ಲೋಡ್ ಕೊಟ್ಟೇ ಅಳೆಯುತ್ತೇವೆ. ಬದಲಿಸಿದ ದಿನಾಂಕವನ್ನು ಬ್ಯಾಟರಿಯ ಮೇಲೇ ಬರೆಯುತ್ತೇವೆ.

ನಿಯಮಗಳ ಕಡೆಯಿಂದ ಹೇಳುವುದಾದರೆ, ಬಳಕೆಯಲ್ಲಿರುವ ಉಪಕರಣಗಳ ವಿದ್ಯುತ್ ಸುರಕ್ಷತೆಯನ್ನು ಐಇಸಿ 62353 ಪ್ರಕಾರ ಪರೀಕ್ಷಿಸುತ್ತೇವೆ. ವಿನ್ಯಾಸದ ಮಟ್ಟದ ಐಇಸಿ 60601-1 ಕೂಡ ಚೆನ್ನಾಗಿ ಗೊತ್ತು. ಹೃದಯಕ್ಕೆ ನೇರವಾಗಿ ತಾಗಬಹುದಾದ ಸಿಎಫ್ ವರ್ಗದ ಭಾಗಗಳಿಗೆ ಆ ಮಾನದಂಡ ಸಾಮಾನ್ಯ ಸ್ಥಿತಿಯಲ್ಲಿ ಬಿಡುವ ರೋಗಿ ಸೋರಿಕೆ ಕರೆಂಟ್ 10 ಮೈಕ್ರೋಆಂಪಿಯರ್ ಮಾತ್ರ. ಅಷ್ಟು ಸಣ್ಣ ಕರೆಂಟ್ ಕೈಗೆ ತಾಗಿದರೆ ಯಾರಿಗೂ ಗೊತ್ತೇ ಆಗುವುದಿಲ್ಲ. ಕ್ಯಾಥೆಟರ್ ಮೂಲಕ ಹೃದಯಕ್ಕೆ ಹೋಗುವ ದಾರಿಯಲ್ಲಿ ಲೆಕ್ಕವೇ ಬೇರೆ. ಅರ್ಥಿಂಗ್ ಇಲ್ಲದ ಎಕ್ಸ್‌ಟೆನ್ಶನ್ ಬೋರ್ಡ್ ಐಸಿಯು ಒಳಗೆ ಕಂಡರೆ ನಾನು ಅಲ್ಲೇ ತೆಗೆಸುವುದು ಇದಕ್ಕಾಗಿ.

ಇನ್ನೊಂದು ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಾನು ಕೆಲಸ ಮಾಡುವ ರೀತಿ ಇದರಲ್ಲೇ ಇದೆ. ಒಂದು ಐಸಿಯುನಿಂದ ರಕ್ತದ ಆಕ್ಸಿಜನ್ ಮಟ್ಟ ತೋರಿಸುವ ಎಸ್‌ಪಿಒ2 ಬರುತ್ತಿಲ್ಲ ಅನ್ನುವ ದೂರು ಪದೇ ಪದೇ ಬರುತ್ತಿತ್ತು. ಪ್ರೋಬ್ ಬದಲಿಸಿದರೆ ಸರಿಹೋಗುತ್ತಿತ್ತು, ಕೆಲವು ವಾರಕ್ಕೆ ಮತ್ತೆ ಅದೇ ದೂರು. ಈ ಪ್ರೋಬ್ ಬೆರಳಿನ ಮೂಲಕ 660 ನ್ಯಾನೊಮೀಟರ್‌ನ ಕೆಂಪು ಬೆಳಕು ಮತ್ತು 940 ನ್ಯಾನೊಮೀಟರ್‌ನ ಇನ್ಫ್ರಾರೆಡ್ ಹಾಯಿಸಿ, ಎರಡರಲ್ಲಿ ಎಷ್ಟೆಷ್ಟು ಹೀರಿಕೊಂಡಿತು ಅಂತ ಹೋಲಿಸುತ್ತದೆ. ಒಳಗಿನ ತೆಳು ತಂತಿ ಒಂದು ಸ್ವಲ್ಪ ತುಂಡಾದರೂ ಸಾಕು, ಅಂಕಿ ಕುಣಿಯಲು ಶುರುವಾಗುತ್ತದೆ. ಕೆಟ್ಟ ಪ್ರೋಬ್‌ಗಳನ್ನೆಲ್ಲ ಒಟ್ಟಿಗೆ ಮೇಜಿನ ಮೇಲೆ ಹಾಕಿ ನೋಡಿದೆ. ಎಲ್ಲದರಲ್ಲೂ ತಂತಿ ಮುರಿದದ್ದು ಒಂದೇ ಜಾಗದಲ್ಲಿ, ಕನೆಕ್ಟರ್‌ನಿಂದ ಮೂರು ಬೆರಳು ದೂರದಲ್ಲಿ. ಪಾಳಿ ಮುಗಿಯುವ ಹೊತ್ತಿಗೆ ಹೋಗಿ ವಾರ್ಡಿನಲ್ಲಿ ನಿಂತೆ. ರೋಗಿಯನ್ನು ಬೇರೆ ಕಡೆ ಕಳಿಸಿದ ಮೇಲೆ ಕೇಬಲ್ ನೆಲಕ್ಕೆ ಬೀಳಬಾರದು ಅಂತ ಸಿಸ್ಟರ್ ಅದನ್ನು ಮಾನಿಟರ್ ಹಿಡಿಕೆಗೆ ಬಿಗಿಯಾಗಿ ಸುತ್ತಿಡುತ್ತಿದ್ದರು. ಅವರು ಮಾಡುತ್ತಿದ್ದದ್ದು ಕಾಳಜಿಯಿಂದಲೇ. ಕೇಬಲ್ ಇಡಲು ನಾವು ಅವರಿಗೆ ಜಾಗ ಕೊಟ್ಟಿರಲಿಲ್ಲ, ಅಷ್ಟೇ. ಪ್ರತಿ ಹಾಸಿಗೆಯ ಪಕ್ಕ ಅಗಲವಾದ ಒಂದು ಕೊಕ್ಕೆ ಹಾಕಿಸಿದೆವು. ದೂರು ನಿಂತಿತು.

ಇಂಥ ಬ್ರೇಕ್‌ಡೌನ್‌ಗಳೇ ಜಾಸ್ತಿ. ಯಂತ್ರದ ಬೋರ್ಡ್ ಸುಟ್ಟುಹೋಗುವುದು ಅಪರೂಪ. ಕೇಬಲ್, ಕಫ್, ಬ್ಯಾಟರಿ, ಫಿಲ್ಟರ್, ಒಣಗಿದ ಜೆಲ್ ಇರುವ ಇಸಿಜಿ ಎಲೆಕ್ಟ್ರೋಡ್, ಇವೇ ದಿನದ ಕರೆಗಳು. ಬಿಪಿ ಯಾಕೋ ಜಾಸ್ತಿ ತೋರಿಸುತ್ತಿದೆ ಅಂದಾಗ ನಾನು ಮೊದಲು ನೋಡುವುದು ಕಫ್ ಅಳತೆಯನ್ನು. ತೋಳಿಗಿಂತ ಚಿಕ್ಕ ಕಫ್ ಹಾಕಿದರೆ ಬಿಪಿ ಇರುವುದಕ್ಕಿಂತ ಹೆಚ್ಚೇ ಬರುತ್ತದೆ. ಯಂತ್ರದಲ್ಲಿ ದೋಷ ಇರುವುದಿಲ್ಲ. ಹೀಗಾಗಿ 'ಬಳಸುವವರ ತಪ್ಪು' ಅಂತ ಸರ್ವಿಸ್ ರಿಪೋರ್ಟ್‌ನಲ್ಲಿ ಒಂದು ಸಾಲು ಬರೆದು ಎದ್ದು ಬರುವುದು ನನಗೆ ಹಿಡಿಸುವುದಿಲ್ಲ. ಅದೇ ತಪ್ಪು ಮೂರು ಪಾಳಿಯಲ್ಲೂ ಆಗುತ್ತಿದ್ದರೆ ಅದನ್ನು ಸರಿಮಾಡುವ ಹೊಣೆ ನಮ್ಮದು. ಹೊಸದಾಗಿ ಸೇರಿದ ನರ್ಸಿಂಗ್ ಸಿಬ್ಬಂದಿಗೆ ನಾನೇ ತರಬೇತಿ ಕೊಡುತ್ತೇನೆ. ತರಬೇತಿ ನಡೆಯುವುದು ಹಾಸಿಗೆಯ ಪಕ್ಕದಲ್ಲೇ, ಅವರ ಕೈಗೆ ಯಂತ್ರ ಕೊಟ್ಟು. ಪಂಪ್‌ನ ಒಕ್ಲೂಷನ್ ಅಲಾರ್ಮ್ ಬಂದಾಗ ಲೈನ್ ಅನ್ನು ಒಮ್ಮೆಲೇ ಬಿಡಿಸಿದರೆ, ಒಳಗೆ ಒತ್ತಡದಲ್ಲಿ ನಿಂತ ಔಷಧ ಒಟ್ಟಿಗೆ ರೋಗಿಯ ದೇಹಕ್ಕೆ ಹೋಗಬಹುದು. ಇದನ್ನು ಒಂದು ಸಿರಿಂಜ್ ಹಿಡಿದು ಕಣ್ಣೆದುರು ತೋರಿಸಿದರೆ ಯಾರೂ ಮರೆಯುವುದಿಲ್ಲ.

ಅಲಾರ್ಮ್‌ಗಳ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯ ಇದೆ. ಕಾರ್ಖಾನೆಯಿಂದ ಬಂದ ಮಿತಿಗಳನ್ನೇ ಎಲ್ಲ ವಾರ್ಡ್‌ಗೂ ಬಿಟ್ಟರೆ ಯಂತ್ರ ದಿನವಿಡೀ ಕೂಗುತ್ತದೆ. ದಿನವಿಡೀ ಕೂಗಿದರೆ ಕಿವಿ ಅದಕ್ಕೆ ಒಗ್ಗಿಹೋಗುತ್ತದೆ. ಡಾಕ್ಟರು, ನರ್ಸಿಂಗ್ ಮುಖ್ಯಸ್ಥರ ಜೊತೆ ಕೂತು ಒಂದೊಂದು ವಾರ್ಡಿಗೂ ತಕ್ಕ ಮಿತಿ ನಿಗದಿ ಮಾಡಿ, ಬರವಣಿಗೆಯಲ್ಲಿ ಸಹಿ ಪಡೆದು, ಆಮೇಲೆ ಯಂತ್ರದಲ್ಲಿ ಬದಲಿಸುವ ಪದ್ಧತಿಯನ್ನು ನಮ್ಮಲ್ಲಿ ತಂದಿದ್ದೇನೆ. ಈ ಮಿತಿಗಳನ್ನು ತಾಂತ್ರಿಕ ವಿಭಾಗ ಒಂದೇ ತೀರ್ಮಾನಿಸಬಾರದು.

ಶಸ್ತ್ರಚಿಕಿತ್ಸೆಯ ಸಾಮಾನುಗಳನ್ನು ಕ್ರಿಮಿಮುಕ್ತ ಮಾಡುವ ಸಿಎಸ್‌ಎಸ್‌ಡಿ ವಿಭಾಗದ ಆಟೋಕ್ಲೇವ್‌ಗಳೂ ನನ್ನ ಜವಾಬ್ದಾರಿಯಲ್ಲಿವೆ. ದಿನದ ಮೊದಲ ಲೋಡ್‌ಗೆ ಮುಂಚೆ ಗಾಳಿ ಪೂರ್ತಿ ಹೊರಹೋಗಿ ಉಗಿ ಒಳಗೆ ತಲುಪುತ್ತಿದೆಯಾ ಅಂತ ನೋಡುವ ಬೋವಿ-ಡಿಕ್ ಟೆಸ್ಟ್ ಆಗಲೇಬೇಕು. ಚೇಂಬರ್‌ನಲ್ಲಿ ಗಾಳಿ ಉಳಿದಿದ್ದರೆ ಮೀಟರ್ 134 ಡಿಗ್ರಿ ತೋರಿಸಿದರೂ ಗಂಟಿನ ಒಳಗಿನ ಸಾಮಾನಿಗೆ ಉಗಿ ತಲುಪಿರುವುದಿಲ್ಲ.

ಖರೀದಿ ಸಮಿತಿಯಲ್ಲಿ ಕೂತಾಗ ನಾನು ಕೇಳುವ ಪ್ರಶ್ನೆಗಳು ಮಾರಾಟದವರಿಗೆ ಅಷ್ಟು ಇಷ್ಟವಾಗುವುದಿಲ್ಲ. ಸರ್ವಿಸ್ ಮ್ಯಾನ್ಯುಯಲ್ ಕೊಡುತ್ತೀರಾ? ಸರ್ವಿಸ್ ಪಾಸ್‌ವರ್ಡ್? ಸ್ಪೇರ್ ಎಷ್ಟು ವರ್ಷ ಸಿಗುತ್ತದೆ ಅಂತ ಬರೆದು ಕೊಡುತ್ತೀರಾ? ಈ ಸೆನ್ಸರ್, ಈ ಟ್ಯೂಬಿಂಗ್ ನಿಮ್ಮಲ್ಲೇ ಕೊಳ್ಳಬೇಕಾ, ಹಾಗಿದ್ದರೆ ಅದರ ದರ ಈಗಲೇ ಒಪ್ಪಂದದಲ್ಲಿ ಇರಲಿ. ನಿರ್ವಹಣೆಯ ಒಪ್ಪಂದ ಬಿಡಿಭಾಗ ಸೇರಿಸಿದ ಸಿಎಂಸಿಯಾ, ಬರೀ ಎಎಂಸಿಯಾ? ಯಂತ್ರದ ಬೆಲೆ ಒಂದೇ ಸಲ ಕೊಡುವುದು. ಈ ಉಳಿದ ಖರ್ಚು ಯಂತ್ರ ಇರುವವರೆಗೂ ಬರುತ್ತದೆ. ಸಹಿ ಹಾಕುವ ಮೊದಲು ಡೆಮೊ ಯಂತ್ರವನ್ನು ಬಳಸುವ ವಾರ್ಡಿಗೇ ಕಳಿಸಿ, ರಾತ್ರಿ ಪಾಳಿಯವರ ಅಭಿಪ್ರಾಯವನ್ನೂ ಬರೆಸಿಕೊಳ್ಳುತ್ತೇನೆ.

ಹಳೆಯದನ್ನು ತೆಗೆದುಹಾಕುವುದೂ ಕೆಲಸದ ಭಾಗವೇ. ಸ್ಪೇರ್ ಸಿಗದ, ಕ್ಯಾಲಿಬ್ರೇಷನ್ ನಿಲ್ಲದ ಯಂತ್ರವನ್ನು ಕಂಡೆಮ್ ಮಾಡಿ ಅಂತ ಬರೆಯಲು ನಾನು ಹಿಂಜರಿಯುವುದಿಲ್ಲ. ಬೇರೆ ಯಂತ್ರ ಬರುವವರೆಗೆ ಇದನ್ನೇ ಓಡಿಸಿ ಅನ್ನುವ ಒತ್ತಡ ಬಂದಾಗ ಪರೀಕ್ಷೆಯ ಅಂಕಿಗಳನ್ನು ಮುಂದಿಟ್ಟು ಮಾತಾಡುತ್ತೇನೆ. ಅಂಕಿ ಎದುರಿಗಿದ್ದರೆ ವಾದ ಬೇಗ ಮುಗಿಯುತ್ತದೆ.

ಓದಿದ್ದು ಬಯೋಮೆಡಿಕಲ್ ಎಂಜಿನಿಯರಿಂಗ್‌ನಲ್ಲಿ ಬಿಇ. ವೆಂಟಿಲೇಟರ್, ಅನಸ್ತೇಶಿಯಾ ವರ್ಕ್‌ಸ್ಟೇಷನ್, ಡಯಾಲಿಸಿಸ್ ಯಂತ್ರಗಳ ಮೇಲೆ ತಯಾರಕರಿಂದಲೇ ತರಬೇತಿ ಪಡೆದಿದ್ದೇನೆ. ಎಂಆರ್‌ಐ, ಸಿಟಿಗಳ ಒಳಗಿನ ರಿಪೇರಿ ನನ್ನ ಕ್ಷೇತ್ರ ಅಲ್ಲ. ಅಲ್ಲಿ ನಾನು ಕಂಪನಿ ಎಂಜಿನಿಯರ್‌ಗಳ ಜೊತೆ ಸಮನ್ವಯ ಮಾಡುತ್ತೇನೆ, ಅಷ್ಟೇ.

ನನ್ನ ತಂಡದಲ್ಲಿ ಈಗಷ್ಟೇ ಕಾಲೇಜು ಮುಗಿಸಿ ಬಂದ ಹುಡುಗ ಹುಡುಗಿಯರೂ ಇದ್ದಾರೆ. ಅವರಿಗೆ ಮೊದಲ ತಿಂಗಳು ಸ್ಕ್ರೂಡ್ರೈವರ್ ಕೊಡುವುದಿಲ್ಲ. ವಾರ್ಡ್ ಸುತ್ತಿ ಬನ್ನಿ, ಯಾವ ಯಂತ್ರವನ್ನು ಯಾರು ಹೇಗೆ ಬಳಸುತ್ತಾರೆ ನೋಡಿ ಬರೆಯಿರಿ ಅನ್ನುತ್ತೇನೆ. ಕೆಲವರಿಗೆ ಬೇಸರ ಆಗುತ್ತದೆ. ಆದರೆ ಸಿಸ್ಟರ್ ತಾವಾಗಿಯೇ ಕರೆದು 'ಈ ಪಂಪ್ ಯಾಕೋ ಸರಿಯಿಲ್ಲ ಅನ್ಸುತ್ತೆ, ಒಮ್ಮೆ ನೋಡಿ' ಅನ್ನುವಷ್ಟು ಸಲಿಗೆ ಆಗ ಬೆಳೆಯುತ್ತದೆ. ಯಂತ್ರ ಕೆಡುವ ಮೊದಲೇ ಬರುವ ಆ ಕರೆ ಯಾವ ಸಾಫ್ಟ್‌ವೇರ್‌ನಿಂದಲೂ ಬರುವುದಿಲ್ಲ.

ಇಲ್ಲಿ ನಾನು ಮೂರು ಬಗೆಯ ಜನರನ್ನು ಹುಡುಕುತ್ತಿದ್ದೇನೆ. ಹೊಸ ಐಸಿಯು ಅಥವಾ ಓಟಿ ಕಟ್ಟುತ್ತಿರುವ ಆಸ್ಪತ್ರೆಗಳವರು ಗೋಡೆ ಏಳುವ ಮೊದಲೇ ಮಾತಾಡಿ. ಗ್ಯಾಸ್ ಔಟ್‌ಲೆಟ್, ಪ್ಲಗ್ ಪಾಯಿಂಟ್, ಅರ್ಥಿಂಗ್ ಎಲ್ಲಿ ಬರಬೇಕು ಅನ್ನುವುದನ್ನು ಆಮೇಲೆ ಬದಲಿಸುವುದು ಕಷ್ಟ. ಬೇರೆ ಆಸ್ಪತ್ರೆಗಳ ಬಯೋಮೆಡಿಕಲ್ ಎಂಜಿನಿಯರ್‌ಗಳ ಜೊತೆ ಬ್ರೇಕ್‌ಡೌನ್ ದಾಖಲೆ ಹಂಚಿಕೊಳ್ಳುವ ಆಸೆ ಇದೆ. ಒಂದೇ ಮಾದರಿಯ ಯಂತ್ರ ನಿಮ್ಮಲ್ಲೂ ಅದೇ ಜಾಗದಲ್ಲಿ ಕೆಡುತ್ತಿದ್ದರೆ ತಯಾರಕರ ಹತ್ತಿರ ಒಟ್ಟಿಗೆ ಹೋಗಬಹುದು, ಅಲ್ವಾ? ಇನ್ನು ಈ ಕೆಲಸಕ್ಕೆ ಬರಬೇಕು ಅಂತಿರುವ ವಿದ್ಯಾರ್ಥಿಗಳು ಸಂಕೋಚ ಇಲ್ಲದೆ ಮೆಸೇಜ್ ಮಾಡಿ. ಓದುತ್ತಿರುವ ವಿಷಯ ಯಾವುದು, ಯಾವ ಉಪಕರಣವನ್ನು ಹತ್ತಿರದಿಂದ ನೋಡಿದ್ದೀರಿ ಅಂತ ಎರಡು ಸಾಲು ಬರೆದರೆ ಉತ್ತರ ಕೊಡಲು ನನಗೆ ಸುಲಭ. ವಾರದ ದಿನಗಳಲ್ಲಿ ಸಂಜೆ ಹೊತ್ತು ಮೆಸೇಜ್ ನೋಡುತ್ತೇನೆ.